ಕುತ್ತಿಗೆಯ ಗಂಟು ವಾರಗಟ್ಟಲೆ ಇಳಿಯುತ್ತಿಲ್ಲ, ಸಂಜೆಯಾದರೆ ಜ್ವರ: ಇದು ಕ್ಷಯ ಇರಬಹುದೇ?

ಸಂಕ್ಷಿಪ್ತವಾಗಿ: ಹೌದು, ಇರಬಹುದು. ಕ್ಷಯ ಎಂದರೆ ಕೆಮ್ಮು, ಕಫ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ಕೆಮ್ಮೇ ಇಲ್ಲದೆ ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿ ಮಾತ್ರ ಕ್ಷಯ ಕಾಣಿಸಿಕೊಳ್ಳುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಎರಡು ವಾರ ಕಳೆದರೂ ಇಳಿಯದ, ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾದ ಗಂಟಿನ ಜೊತೆಗೆ ಜ್ವರ ಅಥವಾ ತೂಕ ಇಳಿಕೆ ಇದ್ದರೆ ಸೂಜಿ ಪರೀಕ್ಷೆ ಮಾಡಿಸಬೇಕು. ಎಲ್ಲ ಗಂಟೂ ಕ್ಷಯವಲ್ಲ. ಹಾಗಾಗಿ ಪರೀಕ್ಷೆ ಇಲ್ಲದೆ ಕ್ಷಯದ ಮಾತ್ರೆ ಶುರು ಮಾಡುವುದೂ ಸರಿಯಲ್ಲ.

ಒಂದು ಉದಾಹರಣೆ ನೋಡೋಣ

ವಿಷಯ ಸ್ಪಷ್ಟವಾಗಲು ನಾವು ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳುತ್ತೇವೆ. ಸುಂಟಿಕೊಪ್ಪದ 24 ವರ್ಷದ ಯುವಕ, ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಕೆಲಸ. ಡಿಸೆಂಬರ್ ಎರಡನೇ ವಾರ ಬಲಗಡೆ ಕುತ್ತಿಗೆಯಲ್ಲಿ ಗೋಲಿಯಷ್ಟು ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಚಳಿಗೆ ಗಂಟಲು ಕೆಟ್ಟಿರಬೇಕು ಎಂದು ಮೆಡಿಕಲ್ ಶಾಪ್‌ನಿಂದ ಐದು ದಿನದ ಆ್ಯಂಟಿಬಯೋಟಿಕ್ ತಂದು ನುಂಗಿದ. ಗಂಟು ಹಾಗೆಯೇ ಇತ್ತು. ಹತ್ತು ದಿನದಲ್ಲಿ ಅದರ ಪಕ್ಕ ಇನ್ನೊಂದು, ಕೆಳಗೆ ಮತ್ತೊಂದು.

ಜನವರಿ ಹೊತ್ತಿಗೆ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ ಮೈ ಬೆಚ್ಚಗೆ, ರಾತ್ರಿ ಬೆವರು, ಬೆಳಿಗ್ಗೆ ಏನೂ ಇಲ್ಲ. ರಕ್ತದ ವಿಡಾಲ್ ಪರೀಕ್ಷೆ ಮಾಡಿಸಿದಾಗ ‘ಪಾಸಿಟಿವ್’ ಬಂತು. ಟೈಫಾಯ್ಡ್ ಎಂದು ಮತ್ತೊಂದು ಕೋರ್ಸ್ ಔಷಧ. ಜನವರಿ ಕೊನೆಗೆ 62 ಕಿಲೋ ಇದ್ದ ತೂಕ 57ಕ್ಕೆ ಇಳಿದಿತ್ತು.

ಗ್ರಂಥಿ ಕ್ಷಯದ ಅನೇಕ ರೋಗಿಗಳು ಹಾಯುವ ದಾರಿ ಇದೇ. ಹಿಂದೆಂದೋ ಆಗಿದ್ದ ಸೋಂಕಿನಿಂದಲೋ ಬೇರೆ ಕಾರಣದಿಂದಲೋ ವಿಡಾಲ್ ಪಾಸಿಟಿವ್ ಬರಬಹುದು. ಆ ಒಂದೇ ವರದಿಯಿಂದ ಟೈಫಾಯ್ಡ್ ಎಂದು ತೀರ್ಮಾನಿಸಲಾಗದು. ಇನ್ನೊಂದು ಅಪಾಯವೂ ಇದೆ. ಲಿವೋಫ್ಲಾಕ್ಸಸಿನ್‌ನಂಥ ಕೆಲವು ಆ್ಯಂಟಿಬಯೋಟಿಕ್‌ಗಳು ಕ್ಷಯದ ರೋಗಾಣುವಿನ ಮೇಲೂ ಸ್ವಲ್ಪ ಕೆಲಸ ಮಾಡುತ್ತವೆ. ಜ್ವರ ಕೆಲವು ದಿನ ತಗ್ಗಿ, ಗುಣವಾದಂತೆ ಕಂಡು, ರೋಗ ಪತ್ತೆಯಾಗುವುದು ತಡವಾಗುತ್ತದೆ. ಸ್ಟಿರಾಯ್ಡ್ ಮಾತ್ರೆಯಿಂದಲೂ ಗಂಟು ತಾತ್ಕಾಲಿಕವಾಗಿ ಕುಗ್ಗಿ ಇದೇ ಮೋಸವಾಗುತ್ತದೆ.

ಕೆಮ್ಮೇ ಇಲ್ಲ, ಕುತ್ತಿಗೆಗೆ ಹೇಗೆ ಬಂತು?

ಕ್ಷಯದ ರೋಗಾಣು ದೇಹಕ್ಕೆ ಬರುವುದು ಸಾಮಾನ್ಯವಾಗಿ ಉಸಿರಿನ ಮೂಲಕ, ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದ ಗಾಳಿಯಿಂದ. ಒಳಗೆ ಬಂದ ರೋಗಾಣುಗಳನ್ನು ರಕ್ಷಣಾ ಕಣಗಳು ಹಿಡಿದು ದುಗ್ಧಗ್ರಂಥಿಗಳಿಗೆ ಸಾಗಿಸುತ್ತವೆ. ಅಲ್ಲಿಂದ ಅವು ಬೇರೆ ಗ್ರಂಥಿಗಳಿಗೂ ಹರಡಬಹುದು. ಹೆಚ್ಚಿನವರಲ್ಲಿ ಅವು ಅಲ್ಲಿಯೇ ನಿದ್ದೆ ಹೋಗುತ್ತವೆ. ಕೆಲವರಲ್ಲಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಎಚ್ಚರಗೊಂಡು ಗ್ರಂಥಿಯೊಳಗೆ ಬೆಳೆಯುತ್ತವೆ. ಶ್ವಾಸಕೋಶ ಚೆನ್ನಾಗಿದ್ದೂ ಕುತ್ತಿಗೆಯಲ್ಲಿ ರೋಗ ಕಾಣುವುದು ಹೀಗೆ.

ಹಳಬರು ಇದನ್ನು ಗಂಡಮಾಲೆ ಎನ್ನುತ್ತಿದ್ದರು. ಗಂಟುಗಳು ಮಾಲೆಯಂತೆ ಸಾಲಾಗಿ ಬರುವುದರಿಂದ ಆ ಹೆಸರು. ಮೊದಲು ಬಿಡಿಬಿಡಿಯಾಗಿ, ಗಟ್ಟಿಯಾಗಿ, ನೋವಿಲ್ಲದೆ ಇರುತ್ತವೆ. ಆಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಬಿಟ್ಟರೆ ಒಳಗೆ ಕರಗಿ ಮೆದುವಾಗುತ್ತವೆ. ಮಾಮೂಲಿ ಕೀವುಗಂಟಿನಂತೆ ಅದು ಕೆಂಪಾಗಿ ಸುಡುವುದಿಲ್ಲ, ಅದಕ್ಕೇ ವೈದ್ಯರು ‘ತಣ್ಣನೆಯ ಕೀವುಗಂಟು’ ಎನ್ನುತ್ತಾರೆ. ಕೊನೆಗೆ ಚರ್ಮ ಒಡೆದು ತಿಂಗಳುಗಟ್ಟಲೆ ಸೋರುವ ಗಾಯವಾಗಬಹುದು. ಗಂಟಿಗೆ ಸೊಪ್ಪಿನ ಲೇಪ ಹಚ್ಚುವುದು, ಬರೆ ಹಾಕುವುದು, ಬ್ಲೇಡಿನಿಂದ ಕುಯ್ದು ಕೀವು ತೆಗೆಸುವುದು ಈ ಹಂತವನ್ನು ಬೇಗ ತರುತ್ತವೆಯೇ ಹೊರತು ಒಳಗಿನ ರೋಗಾಣುವನ್ನು ಮುಟ್ಟುವುದಿಲ್ಲ.

ಜ್ವರ ಸಂಜೆಯೇ ಏಕೆ?

ಆರೋಗ್ಯವಂತರ ದೇಹದ ಉಷ್ಣತೆಯೂ ದಿನವಿಡೀ ಒಂದೇ ಇರುವುದಿಲ್ಲ. ಬೆಳಗಿನ ಜಾವ ಅತಿ ಕಡಿಮೆ, ಸಂಜೆ ಅತಿ ಹೆಚ್ಚು. ಕ್ಷಯದಲ್ಲಿ ಜ್ವರ ಸಾಮಾನ್ಯವಾಗಿ ಸಣ್ಣದು. ಬೆಳಿಗ್ಗೆ ಅದು ಮಾಮೂಲಿ ಮಟ್ಟದೊಳಗೇ ಅಡಗಿ, ಸಂಜೆಯ ಏರಿಕೆ ಜೊತೆಗೂಡಿದಾಗ ಗೊತ್ತಾಗುತ್ತದೆ.

ಮೈ ಮುಟ್ಟಿ ನೋಡುವುದಕ್ಕಿಂತ ಥರ್ಮಾಮೀಟರ್ ಇಟ್ಟು ಬರೆದಿಡುವುದು ಉತ್ತಮ. ಒಂದು ವಾರ ಬೆಳಿಗ್ಗೆ ಮತ್ತು ಸಂಜೆ ಅಳೆದು, ತೂಕವನ್ನೂ ಬರೆದು ಕೊಂಡೊಯ್ದರೆ ವೈದ್ಯರಿಗೆ ಬಹಳ ಅನುಕೂಲ. ಸಂಜೆ ಪದೇಪದೇ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದರೆ ಅದನ್ನು ಆಯಾಸ ಎಂದು ತಳ್ಳಿಹಾಕಬಾರದು. ಆದರೆ ಗ್ರಂಥಿ ಕ್ಷಯ ಇರುವ ಎಷ್ಟೋ ಮಂದಿಗೆ ಜ್ವರ ಬರುವುದೇ ಇಲ್ಲ. ಜ್ವರ ಇಲ್ಲ ಎಂದರೆ ಕ್ಷಯ ಇಲ್ಲ ಎಂದಲ್ಲ.

ಹಾಗಾದರೆ ಎಲ್ಲ ಗಂಟೂ ಕ್ಷಯವೇ?

ಅಲ್ಲ. ಗಂಟಲು ನೋವು, ಹಲ್ಲಿನ ಸೋಂಕು, ತಲೆಯ ಹುಣ್ಣು ಅಥವಾ ಹೇನಿನ ಗಾಯದಿಂದ ಗ್ರಂಥಿ ಊದಿಕೊಂಡರೆ ಅದು ಮುಟ್ಟಿದರೆ ನೋಯುತ್ತದೆ, ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ. ಮಂಗನಬಾವಿನಲ್ಲಿ ಊದುವುದು ಕಿವಿಯ ಮುಂದಿನ ಜೊಲ್ಲುಗ್ರಂಥಿ, ದುಗ್ಧಗ್ರಂಥಿಯಲ್ಲ.

ಕ್ಷಯದಂತೆಯೇ ಕಾಣುವ ಎರಡು ಕಾಯಿಲೆಗಳನ್ನು ಮಾತ್ರ ನೆನಪಿಡಬೇಕು. ಒಂದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್. ಇದರಲ್ಲೂ ನೋವಿಲ್ಲದ ಗಂಟು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇರುತ್ತವೆ, ಇದೂ ಯುವಜನರಿಗೆ ಬರುತ್ತದೆ. ಇನ್ನೊಂದು ಕಿಕುಚಿ ಕಾಯಿಲೆ. ಏಷ್ಯಾದ ಯುವತಿಯರಲ್ಲಿ ಹೆಚ್ಚು ಕಾಣುವ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮುಟ್ಟಿ ನೋಡಿ ಈ ಮೂರನ್ನು ಖಚಿತವಾಗಿ ಬೇರ್ಪಡಿಸಲು ಸಾಧ್ಯವಿಲ್ಲ. ‘ನೋಡೋಣ, ಕ್ಷಯದ ಮಾತ್ರೆ ಕೊಟ್ಟು ಇಳಿಯುತ್ತದೋ’ ಎಂಬ ಪ್ರಯೋಗದಲ್ಲಿ ಲಿಂಫೋಮಾ ರೋಗಿಯ ಅಮೂಲ್ಯ ತಿಂಗಳುಗಳು ಹೋಗಿಬಿಡುತ್ತವೆ.

ಸೂಜಿ ಪರೀಕ್ಷೆಯಲ್ಲಿ ಏನು ನಡೆಯುತ್ತದೆ?

ನಮ್ಮ ಉದಾಹರಣೆಯ ಯುವಕ ಕೊನೆಗೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋದ ಎಂದುಕೊಳ್ಳೋಣ. ಅಲ್ಲಿ ಎಫ್‌ಎನ್‌ಎಸಿ ಎಂಬ ಪರೀಕ್ಷೆ. ಇಂಜೆಕ್ಷನ್ ಕೊಡುವಂಥ ತೆಳ್ಳಗಿನ ಸೂಜಿಯನ್ನೇ ಗಂಟಿಗೆ ಚುಚ್ಚಿ ಸ್ವಲ್ಪ ದ್ರವ ಮತ್ತು ಜೀವಕೋಶಗಳನ್ನು ಎಳೆದು ತೆಗೆಯುತ್ತಾರೆ. ಕೆಲವೇ ನಿಮಿಷದ ಕೆಲಸ, ದಾಖಲಾಗಬೇಕಿಲ್ಲ. ‘ಸೂಜಿ ಚುಚ್ಚಿದರೆ ಕಾಯಿಲೆ ಮೈಗೆಲ್ಲ ಹರಡುತ್ತದೆ’ ಎಂಬ ಭಯಕ್ಕೆ ಆಧಾರವಿಲ್ಲ.

ತೆಗೆದ ಮಾದರಿ ಎರಡು ಕಡೆ ಹೋಗಬೇಕು. ಒಂದು ಪಾಲು ಗಾಜಿನ ಸ್ಲೈಡಿನ ಮೇಲೆ, ಸೂಕ್ಷ್ಮದರ್ಶಕಕ್ಕೆ. ಅಲ್ಲಿ ಕ್ಷಯದ ಗುರುತಾದ ಗ್ರ್ಯಾನ್ಯುಲೋಮಾ ಮತ್ತು ಗಿಣ್ಣಿನಂತೆ ಕೊಳೆತ ಭಾಗ ಕಾಣುತ್ತವೆಯೇ ಎಂದು ನೋಡುತ್ತಾರೆ, ಕ್ಯಾನ್ಸರ್ ಕಣಗಳಿದ್ದರೂ ಸುಳಿವು ಸಿಗುತ್ತದೆ. ಇನ್ನೊಂದು ಪಾಲು ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರಕ್ಕೆ. ಇವು ರೋಗಾಣುವಿನ ಡಿಎನ್‌ಎ ಹುಡುಕುತ್ತವೆ, ಜೊತೆಗೆ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೇ ಎಂಬುದನ್ನೂ ಹೇಳುತ್ತವೆ. ಟ್ರೂನ್ಯಾಟ್ ರೂಪುಗೊಂಡದ್ದು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ.

ಎಡವುವುದು ಇಲ್ಲಿಯೇ: ಎಷ್ಟೋ ಸಲ ಇಡೀ ಮಾದರಿ ಸ್ಲೈಡಿಗೆ ಅಥವಾ ಫಾರ್ಮಲಿನ್ ಬಾಟಲಿಗೆ ಹೋಗುತ್ತದೆ. ಫಾರ್ಮಲಿನ್‌ನಲ್ಲಿ ರೋಗಾಣು ಸಾಯುವುದರಿಂದ ಕಲ್ಚರ್ ಮಾಡಲಾಗದು, ಡಿಎನ್‌ಎ ಪರೀಕ್ಷೆಯೂ ಕೆಡುತ್ತದೆ. ‘ಒಂದು ಪಾಲು ಕ್ಷಯದ ಪರೀಕ್ಷೆಗೂ ಕಳಿಸುತ್ತೀರಾ, ಡಾಕ್ಟ್ರೇ?’ ಎಂದು ಮೊದಲೇ ಕೇಳುವುದು ಒಳ್ಳೆಯದು. ಗ್ರಂಥಿಯಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ ಇರುವುದರಿಂದ ಡಿಎನ್‌ಎ ಪರೀಕ್ಷೆ ನೆಗೆಟಿವ್ ಬಂದರೂ ಕ್ಷಯ ಇಲ್ಲವೆಂದು ಹೇಳಲಾಗದು. ಸೂಜಿಯಿಂದ ಉತ್ತರ ಸಿಗದಿದ್ದರೆ, ಅಥವಾ ಲಿಂಫೋಮಾ ಸಂಶಯವಿದ್ದರೆ, ಗ್ರಂಥಿಯನ್ನೇ ತೆಗೆದು ಬಯಾಪ್ಸಿ ಮಾಡುತ್ತಾರೆ.

ಕ್ಷಯ ಎಂದು ಗೊತ್ತಾದವರಿಗೆ ಎದೆಯ ಎಕ್ಸ್‌ರೇ, ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆಯನ್ನೂ ಮಾಡುತ್ತಾರೆ.

ಆರು ತಿಂಗಳ ಮಾತ್ರೆ

ಯುವಕನ ವರದಿಯಲ್ಲಿ ಕ್ಷಯ ಪತ್ತೆಯಾಯಿತು, ರಿಫಾಂಪಿಸಿನ್ ನಿರೋಧಕತೆ ಇಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಔಷಧ ಉಚಿತ. ಮೊದಲ ಎರಡು ತಿಂಗಳು ನಾಲ್ಕು ಔಷಧ: ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಇಥಾಂಬುಟಾಲ್. ನಾಲ್ಕೂ ಒಂದೇ ಮಾತ್ರೆಯಲ್ಲಿ ಸೇರಿರುತ್ತವೆ, ತೂಕ ನೋಡಿ ಸಂಖ್ಯೆ ನಿಗದಿ ಮಾಡುತ್ತಾರೆ. 57 ಕಿಲೋ ಇದ್ದ ಈತನಿಗೆ ದಿನಕ್ಕೆ ನಾಲ್ಕು ಮಾತ್ರೆ. ನಂತರದ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಕಿಲ್ಲ, ಅದು ರಿಫಾಂಪಿಸಿನ್ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಸುಕಾದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಈ ಔಷಧಗಳು ಯಕೃತ್ತಿಗೆ ಹೊರೆ ಕೊಡುವುದರಿಂದ ಆರು ತಿಂಗಳು ಮದ್ಯ ಬೇಡ, ಹಬ್ಬ ಮದುವೆಗಳಲ್ಲೂ. ಗರ್ಭನಿರೋಧಕ ಮಾತ್ರೆ ನುಂಗುವ ಮಹಿಳೆಯರು ಅದನ್ನು ವೈದ್ಯರಿಗೆ ಹೇಳಬೇಕು, ಏಕೆಂದರೆ ರಿಫಾಂಪಿಸಿನ್ ಅದರ ಪರಿಣಾಮವನ್ನು ಕುಗ್ಗಿಸುತ್ತದೆ.

ಕೊಡಗಿನಲ್ಲಿ ಇನ್ನೊಂದು ತೊಡಕಿದೆ. ಕಾಫಿ ಕೊಯ್ಲಿಗೆ ಬಂದು ತೋಟದ ಲೈನ್ ಮನೆಗಳಲ್ಲಿ ಇರುವವರು ಕೊಯ್ಲು ಮುಗಿದ ಕೂಡಲೇ ಊರಿಗೆ ಹೊರಡುತ್ತಾರೆ. ಚಿಕಿತ್ಸೆಗಿಂತ ಕೊಯ್ಲಿನ ಕಾಲ ಚಿಕ್ಕದು. ಪ್ರತಿ ರೋಗಿಗೂ ನಿಕ್ಷಯ್ ಗುರುತಿನ ಸಂಖ್ಯೆ ಇರುತ್ತದೆ. ಹೊರಡುವ ಮೊದಲು ಆಸ್ಪತ್ರೆಗೆ ತಿಳಿಸಿದರೆ ದಾಖಲೆಯನ್ನು ಊರಿನ ಕೇಂದ್ರಕ್ಕೆ ವರ್ಗಾಯಿಸುತ್ತಾರೆ, ಮಾತ್ರೆ ಅಲ್ಲಿ ಸಿಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯಂತೆ ಬ್ಯಾಂಕ್ ಖಾತೆಗೆ ಬರುವ ನೆರವೂ ಇದೇ ಸಂಖ್ಯೆಗೆ ಜೋಡಿಸಿದ್ದು. 2024ರ ನವೆಂಬರ್‌ಗೆ ಮುನ್ನ ಇದು 500 ರೂಪಾಯಿ ಇತ್ತು.

ಮಾತ್ರೆ ನುಂಗುತ್ತಿದ್ದರೂ ಗಂಟು ದೊಡ್ಡದಾಯಿತು!

ಎರಡನೇ ತಿಂಗಳಲ್ಲಿ ಯುವಕನ ಜ್ವರ ಹೋಗಿ, ಹಸಿವು ಮರಳಿ, ತೂಕ ಏರತೊಡಗಿತು. ಆದರೆ ಒಂದು ಗಂಟು ಮಾತ್ರ ಮೊದಲಿಗಿಂತ ದೊಡ್ಡದಾಯಿತು. ‘ಈ ಮಾತ್ರೆ ನಿನಗೆ ಒಗ್ಗುತ್ತಿಲ್ಲ, ಬಿಟ್ಟುಬಿಡು’ ಎಂದು ಮನೆಯವರು ಹೇಳುವುದು ಇಂಥ ಹೊತ್ತಿನಲ್ಲೇ.

ಇದು ಗ್ರಂಥಿ ಕ್ಷಯದಲ್ಲಿ ಆಗಾಗ ಕಾಣುವ ಸಂಗತಿ. ಸತ್ತ ರೋಗಾಣುಗಳ ಚೂರುಗಳ ವಿರುದ್ಧ ಚೇತರಿಸಿಕೊಂಡ ರಕ್ಷಣಾ ವ್ಯವಸ್ಥೆ ತಿರುಗಿಬೀಳುವುದರಿಂದ ಗಂಟು ಊದುತ್ತದೆ, ಕೆಲವೊಮ್ಮೆ ಹೊಸದೂ ಹುಟ್ಟುತ್ತದೆ. ಜ್ವರ ಇಲ್ಲದೆ, ತೂಕ ಏರುತ್ತಾ, ಗಂಟು ಮಾತ್ರ ಊದಿದ್ದರೆ ಹೆಚ್ಚಾಗಿ ಕಾರಣ ಇದೇ. ಜ್ವರ ಮರಳಿದರೆ, ತೂಕ ಮತ್ತೆ ಇಳಿದರೆ ಔಷಧ ನಿರೋಧಕತೆ ಅಥವಾ ಬೇರೆ ಕಾಯಿಲೆಯನ್ನು ಶಂಕಿಸಿ ಮತ್ತೆ ಮಾದರಿ ತೆಗೆಯಬೇಕಾಗುತ್ತದೆ. ಎರಡರಲ್ಲಿ ಯಾವುದು ಎಂದು ವೈದ್ಯರೇ ನೋಡಿ ಹೇಳಬೇಕು. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬಾರದು.

ಆರು ತಿಂಗಳು ಮುಗಿದಾಗಲೂ ಬಟಾಣಿಯಷ್ಟು ಗಂಟು ಉಳಿಯಬಹುದು. ಅದು ಬೆಳೆಯದಿದ್ದರೆ ಹೆಚ್ಚಾಗಿ ಗಾಯದ ಕಲೆಯಂತೆ ಉಳಿದದ್ದು, ಅದಕ್ಕಾಗಿಯೇ ಚಿಕಿತ್ಸೆ ಮುಂದುವರಿಸಬೇಕಿಲ್ಲ.

ಮನೆಯವರಿಗೆ ಹರಡುತ್ತದೆಯೇ?

ಗ್ರಂಥಿಯಲ್ಲಿ ಮಾತ್ರ ಇರುವ ಕ್ಷಯ ಒಬ್ಬರಿಂದ ಒಬ್ಬರಿಗೆ ಗಾಳಿಯಲ್ಲಿ ಹರಡುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯವಿಲ್ಲ. ಎಕ್ಸ್‌ರೇ ಮಾಡಿಸುವುದು ಇದಕ್ಕೇ: ಶ್ವಾಸಕೋಶದಲ್ಲೂ ರೋಗವಿದ್ದರೆ ಲೆಕ್ಕ ಬೇರೆ.

ಆದರೆ ಈ ಯುವಕನಿಗೆ ರೋಗಾಣು ಯಾರಿಂದಲೋ ಬಂದಿದೆ. ಅದೇ ಮನೆಯಲ್ಲೋ ಕೆಲಸದ ಜಾಗದಲ್ಲೋ ದೀರ್ಘಕಾಲದ ಕೆಮ್ಮು ಇರುವವರು ಇರಬಹುದು. ಹಾಗಾಗಿ ಮನೆಯವರನ್ನೂ ತಪಾಸಣೆ ಮಾಡುತ್ತಾರೆ. ಎರಡು ವಾರದಿಂದ ಕೆಮ್ಮುತ್ತಿರುವ ಅಜ್ಜನ ಕಫ ಪರೀಕ್ಷೆ ಮಾಡಿಸುವುದು, ಮೊಮ್ಮಗನ ತಟ್ಟೆ ಬೇರೆ ಇಡುವುದಕ್ಕಿಂತ ಎಷ್ಟೋ ಉಪಯುಕ್ತ. ಚಿಕಿತ್ಸೆ, ಪರೀಕ್ಷಾ ಕೇಂದ್ರಗಳ ಮಾಹಿತಿಗೆ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು.