ಎನ್‌ಪಿಎಸ್ ಖಾತೆ: ಮೂವತ್ತರ ಹರೆಯದಲ್ಲಿ ಷೇರಿನ ಪಾಲೆಷ್ಟು, ಸಾಲಪತ್ರದ ಪಾಲೆಷ್ಟು?

ಖಾತೆಯ ಸ್ವರೂಪ

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಎನ್‌ಪಿಎಸ್, ತಿಂಗಳಿಗೆ ಇಂತಿಷ್ಟು ಪಿಂಚಣಿ ಎಂದು ಮಾತು ಕೊಡುವ ಯೋಜನೆಯಲ್ಲ. ಕಟ್ಟಿದ ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸಿ, ಅದು ಬೆಳೆದಷ್ಟನ್ನು ಚಂದಾದಾರರ ಹೆಸರಿನಲ್ಲಿ ಕೂಡಿಡುವ ಖಾತೆ ಅದು. ನಿವೃತ್ತಿಯ ವೇಳೆ ಒಂದು ಭಾಗ ಕೈಗೆ ಬರುತ್ತದೆ, ಉಳಿದದ್ದು ತಿಂಗಳ ಪಿಂಚಣಿಗಾಗಿ ವಿಮಾ ಕಂಪನಿಗೆ ಹೋಗುತ್ತದೆ. ಈ ವ್ಯವಸ್ಥೆ ಕೇಂದ್ರ ಸರಕಾರದ ಸೇವೆಗೆ 2004ರ ಜನವರಿ 1ರಿಂದ, ಕರ್ನಾಟಕ ಸರಕಾರದ ಸೇವೆಗೆ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಅನ್ವಯಿಸುತ್ತದೆ. 2009ರ ಮೇ 1ರಿಂದ ಇದರ ಬಾಗಿಲು ಇತರ ನಾಗರಿಕರಿಗೂ ತೆರೆಯಿತು. ಆದ್ದರಿಂದ ವಿಜಯಪುರದ ಸೊಲ್ಲಾಪುರ ರಸ್ತೆಯ ಅಂಗಡಿಯ ಗುಮಾಸ್ತನೂ ತಿಕೋಟಾ ಕಡೆಯ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನ ಲೆಕ್ಕಿಗನೂ ಇದರಲ್ಲಿ ಖಾತೆ ತೆರೆಯಬಹುದು.

ಹಣ ಮುಖ್ಯವಾಗಿ ಮೂರು ಬಗೆಯ ನಿಧಿಗಳಿಗೆ ಹೋಗುತ್ತದೆ. ಖಾತೆಯ ಪರದೆಯಲ್ಲಿ ಅವು E, C, G ಎಂಬ ಅಕ್ಷರಗಳಾಗಿ ಕಾಣುತ್ತವೆ. E ಎಂದರೆ ಕಂಪನಿಗಳ ಷೇರು, C ಎಂದರೆ ಕಂಪನಿಗಳ ಸಾಲಪತ್ರ, G ಎಂದರೆ ಸರಕಾರದ ಸಾಲಪತ್ರ. ಚಂದಾದಾರರು ಈ ಮೂರರ ಪ್ರಮಾಣವನ್ನು ತಾವೇ ಗೊತ್ತುಪಡಿಸಬಹುದು. ಇಲ್ಲವೇ ವಯಸ್ಸಿನೊಂದಿಗೆ ಷೇರಿನ ಪಾಲು ತಾನಾಗಿ ಇಳಿಯುವ LC75, LC50, LC25 ಎಂಬ ಪಟ್ಟಿಗಳಲ್ಲಿ ಒಂದನ್ನು ಆರಿಸಬಹುದು. ಖಾಸಗಿ ಚಂದಾದಾರರು ಏನನ್ನೂ ಆರಿಸದೆ ಬಿಟ್ಟಾಗ ಸಾಮಾನ್ಯವಾಗಿ ಸಿಗುವುದು LC50.

ನಷ್ಟದ ತೂಕ ವಯಸ್ಸಿನೊಂದಿಗೆ ಬದಲಾಗುವ ಬಗೆ

ಷೇರು ಅಪಾಯಕರ, ಸಾಲಪತ್ರ ಸುರಕ್ಷಿತ ಎಂಬ ಮಾತು ಅರ್ಧ ಮಾತ್ರ ನಿಜ. ಎಷ್ಟು ಅಪಾಯ ಎಂಬುದು ಖಾತೆಯಲ್ಲಿ ಆಗಲೇ ಕೂಡಿರುವ ಹಣವನ್ನೂ ಮುಂದೆ ಕಟ್ಟಲಿರುವ ಹಣವನ್ನೂ ಹೋಲಿಸಿದಾಗಲೇ ತಿಳಿಯುತ್ತದೆ.

ಉದಾಹರಣೆಗೆ, ತಿಂಗಳಿಗೆ 5,000 ರೂಪಾಯಿ ಕಟ್ಟುವ 34 ವರ್ಷದ ಲೆಕ್ಕಿಗನೊಬ್ಬನ ಖಾತೆಯಲ್ಲಿ ಈಗ 1 ಲಕ್ಷ ರೂಪಾಯಿ ಇದೆ ಎಂದುಕೊಳ್ಳೋಣ. ಅದರಲ್ಲಿ ಶೇ. 75 ಷೇರಿನಲ್ಲಿದೆ. 2020ರ ಜನವರಿಯಲ್ಲಿ 42,000ದ ಆಸುಪಾಸಿನಲ್ಲಿದ್ದ ಸೆನ್ಸೆಕ್ಸ್ ಮಾರ್ಚ್ 23ರಂದು 26,000ಕ್ಕಿಂತ ಕೆಳಗೆ ಬಂದು ನಿಂತಿತು. ಅಂದರೆ ಸುಮಾರು ಶೇ. 38ರ ಕುಸಿತ. ಅಂಥದೇ ಕುಸಿತ ಮತ್ತೆ ಬಂದರೆ ಈ ಲೆಕ್ಕಿಗ ಕಳೆದುಕೊಳ್ಳುವುದು 28,500 ರೂಪಾಯಿ. ಇದು ಅವನ ಆರು ತಿಂಗಳ ಕಂತಿಗಿಂತಲೂ ಕಡಿಮೆ. ಅದೂ ಅಲ್ಲದೆ, ಕುಸಿತದ ತಿಂಗಳುಗಳಲ್ಲಿ ಕಟ್ಟುವ ಕಂತಿಗೆ ಷೇರುಗಳು ಅಗ್ಗದ ಬೆಲೆಗೆ ಸಿಗುತ್ತವೆ.

ಅದೇ ಮನುಷ್ಯನಿಗೆ 58 ವರ್ಷ ತುಂಬಿ, ಖಾತೆಯಲ್ಲಿ 50 ಲಕ್ಷ ಕೂಡಿದ್ದು, ಆಗಲೂ ಶೇ. 75 ಷೇರಿನಲ್ಲಿಯೇ ಇದ್ದರೆ ನಷ್ಟ 14 ಲಕ್ಷ ದಾಟುತ್ತದೆ. ಆ ಹಣವನ್ನು 5,000ದ ಕಂತುಗಳಲ್ಲಿ ತುಂಬಲು 23 ವರ್ಷಕ್ಕೂ ಹೆಚ್ಚು ಬೇಕು, ಅವನ ಬಳಿ ಉಳಿದಿರುವುದು ಎರಡೇ ವರ್ಷ. ಕುಸಿತದ ಪ್ರಮಾಣ ಎರಡೂ ಸಲ ಒಂದೇ, ತಾಳಿಕೊಳ್ಳುವ ಶಕ್ತಿ ಮಾತ್ರ ಬೇರೆ. ಮೂವತ್ತರ ಹರೆಯದವರಿಗೆ ಷೇರಿನ ಪಾಲು ಹೆಚ್ಚಿರಲಿ ಎಂಬ ಸಲಹೆಗೆ ಆಧಾರ ಇದೇ ಹೊರತು, ಷೇರುಪೇಟೆ ಯಾವಾಗಲೂ ಏರುತ್ತದೆ ಎಂಬ ನಂಬಿಕೆಯಲ್ಲ.

ಎರಡು ಆಯ್ಕೆಗಳ ಅಂತರವನ್ನು ಅಂದಾಜಿಗೆ ನೋಡಬಹುದು. ಷೇರು ವರ್ಷಕ್ಕೆ ಶೇ. 10, ಸಾಲಪತ್ರ ಶೇ. 7 ಬೆಳೆಯುತ್ತದೆ ಎಂದು ಹಿಡಿಯೋಣ. ಇದು ಲೆಕ್ಕದ ಅನುಕೂಲಕ್ಕೆ ಹಿಡಿದ ದರ, ಯಾರ ಭರವಸೆಯೂ ಅಲ್ಲ. ತಿಂಗಳಿಗೆ 5,000ದಂತೆ 26 ವರ್ಷ ಕಟ್ಟಿದಾಗ ಒಟ್ಟು ಕಟ್ಟಿದ ಹಣ 15.6 ಲಕ್ಷ. ಮುಕ್ಕಾಲು ಪಾಲು ಷೇರಿನಲ್ಲಿದ್ದರೆ ಅದು ಸುಮಾರು 65 ಲಕ್ಷವಾಗುತ್ತದೆ, ಮುಕ್ಕಾಲು ಪಾಲು ಸಾಲಪತ್ರದಲ್ಲಿದ್ದರೆ ಸುಮಾರು 50 ಲಕ್ಷ. ಹಣದುಬ್ಬರ ವರ್ಷಕ್ಕೆ ಶೇ. 5 ಇದ್ದರೆ ಆ 50 ಲಕ್ಷದ ಕೊಳ್ಳುವ ಶಕ್ತಿ ಇಂದಿನ 14 ಲಕ್ಷದಷ್ಟು ಮಾತ್ರ.

ಸಾಲಪತ್ರದ ಏರಿಳಿತ

G ನಿಧಿಯನ್ನು ಬ್ಯಾಂಕಿನ ಠೇವಣಿಯಂತೆ ಭಾವಿಸುವವರು ಬಹಳ ಮಂದಿ. ಸರಕಾರ ಬಡ್ಡಿ ತಪ್ಪಿಸುವುದಿಲ್ಲ, ನಿಜ. ಆದರೆ ಈ ನಿಧಿಯಲ್ಲಿರುವ ಪತ್ರಗಳು ಹೆಚ್ಚಾಗಿ ದೀರ್ಘಾವಧಿಯವು, ಅವುಗಳ ಬೆಲೆ ದಿನವೂ ಬದಲಾಗುತ್ತದೆ. ಪೇಟೆಯಲ್ಲಿ ಬಡ್ಡಿದರ ಏರಿದಾಗ ಕಡಿಮೆ ಬಡ್ಡಿಯ ಹಳೆಯ ಪತ್ರಗಳನ್ನು ಕೇಳುವವರು ಕಡಿಮೆಯಾಗಿ ಅವುಗಳ ಬೆಲೆ ಇಳಿಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೋ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿದ ಕಾಲದಲ್ಲಿ ಇಂಥ ನಿಧಿಗಳು ಒತ್ತಡಕ್ಕೆ ಸಿಲುಕಿದ್ದವು. C ನಿಧಿಗೆ ಇದರ ಮೇಲೆ ಇನ್ನೊಂದು ಭಯ ಉಂಟು: ಸಾಲ ಪಡೆದ ಕಂಪನಿಯೇ ಕೈಯೆತ್ತಬಹುದು. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಮೂಹ ಸಾಲ ತೀರಿಸಲು ತಪ್ಪಿದಾಗ ಅದರ ಪತ್ರಗಳು ಪಿಂಚಣಿ ನಿಧಿಗಳ ಬಳಿಯೂ ಇದ್ದವು.

LC75 ಹೆಸರಿನ ಹಿಂದಿನ ಲೆಕ್ಕ

LC75 ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದರಲ್ಲಿ ಷೇರಿನ ಪಾಲು ಶೇ. 75 ಇರುವುದು 35ನೇ ವಯಸ್ಸಿನವರೆಗೆ ಮಾತ್ರ. ಅಲ್ಲಿಂದ ವರ್ಷಕ್ಕೆ ಶೇ. 4ರಂತೆ ಇಳಿದು 40ಕ್ಕೆ 55, 45ಕ್ಕೆ 35 ಆಗುತ್ತದೆ. ನಮ್ಮ ಲೆಕ್ಕಿಗನಿಗೆ ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಷೇರು ಸಿಗುವುದು ಖಾತೆಯಲ್ಲಿ ಒಂದೆರಡು ಲಕ್ಷವಷ್ಟೇ ಇರುವಾಗ. 45ನೇ ವಯಸ್ಸಿಗೆ ಹತ್ತು ಲಕ್ಷ ದಾಟಿದ ಹೊತ್ತಿಗೆ ಮೂರನೇ ಎರಡು ಪಾಲು ಆಗಲೇ ಸಾಲಪತ್ರಕ್ಕೆ ಸರಿದಿರುತ್ತದೆ, ನಿವೃತ್ತಿಗೆ ಇನ್ನೂ ಹದಿನೈದು ವರ್ಷ ಉಳಿದಿರುವಾಗಲೇ. ಇದು ಅತಿ ಎಚ್ಚರಿಕೆ ಎಂದೇ ಹೇಳಬೇಕು. 45ರವರೆಗೆ ಶೇ. 50 ಷೇರು ಉಳಿಸಿಕೊಳ್ಳುವ BLC ಎಂಬ ಪಟ್ಟಿ 2024ರಲ್ಲಿ ಬಂದದ್ದು ಈ ಕೊರತೆಗೆ ಒಂದು ಉತ್ತರ.

ಪ್ರಮಾಣವನ್ನು ತಾವೇ ಗೊತ್ತುಪಡಿಸಿದವರಿಗೆ ಈ ಇಳಿಕೆಯ ತೊಂದರೆಯಿಲ್ಲ, ಆದರೆ 50 ದಾಟಿದ ಮೇಲೆ ಷೇರಿನ ಪಾಲನ್ನು ತಗ್ಗಿಸುವ ಹೊಣೆ ಪೂರ್ತಿ ಅವರದೇ.

ಸಾಲಪತ್ರ ಹೆಚ್ಚಿರಬೇಕಾದ ಸಂದರ್ಭ

ಕುಸಿತ ಕಂಡೊಡನೆ ಹೆದರಿ ಎಲ್ಲವನ್ನೂ G ನಿಧಿಗೆ ಸರಿಸುವ ಸ್ವಭಾವದವರಿಗೆ ಶೇ. 75 ಷೇರು ತಕ್ಕುದಲ್ಲ. ನಿಯಮದ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ನಾಲ್ಕು ಸಲ ಪ್ರಮಾಣ ಬದಲಾಯಿಸಬಹುದು, ಅದಕ್ಕೆ ತೆರಿಗೆಯೂ ಇಲ್ಲ. ಈ ಅನುಕೂಲವೇ ಹಲವರಿಗೆ ಮುಳುವಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಹೀಗೆ ಸರಿದವರ ನಷ್ಟ ಅಲ್ಲಿಗೇ ಕಾಯಂ ಆಯಿತು. ಅದೇ ನವೆಂಬರಿನಲ್ಲಿ ಸೆನ್ಸೆಕ್ಸ್ ಹಳೆಯ ಮಟ್ಟ ದಾಟಿತ್ತು. ಅಂಥವರು ಮೊದಲಿನಿಂದಲೇ ಅರ್ಧಕ್ಕೆ ಅರ್ಧ ಇಟ್ಟುಕೊಂಡು ಕದಲದೆ ಕೂತರೆ ಹೆಚ್ಚು ಉಳಿಯುತ್ತದೆ.

ಮನೆಯ ಇತರ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಭವಿಷ್ಯನಿಧಿ, ಅಂಚೆ ಕಚೇರಿಯ ಠೇವಣಿ, ಎಲ್‌ಐಸಿ ಪಾಲಿಸಿ ಇದ್ದವರ ಬಳಿ ಸಾಲಪತ್ರದಂಥ ಹೂಡಿಕೆ ಆಗಲೇ ಧಾರಾಳವಾಗಿದೆ. ಅವರ ಎನ್‌ಪಿಎಸ್‌ನಲ್ಲಿ ಷೇರು ಹೆಚ್ಚಿದ್ದರೂ ಒಟ್ಟು ಸಂಸಾರದ ಲೆಕ್ಕದಲ್ಲಿ ಅದು ಹೆಚ್ಚಲ್ಲ.

ಸರಕಾರಿ ನೌಕರರ ಸ್ಥಿತಿ

ಬಬಲೇಶ್ವರದ ಸರಕಾರಿ ಶಾಲೆಯಲ್ಲಿರುವ 35ರ ಶಿಕ್ಷಕಿಯ ಪರಿಸ್ಥಿತಿ ಬೇರೆ. ಸರಕಾರಿ ನೌಕರರ ಮೂಲ ಏರ್ಪಾಡಿನಲ್ಲಿ ಹಣ ಎಸ್‌ಬಿಐ, ಎಲ್‌ಐಸಿ, ಯುಟಿಐಗಳ ಮೂರು ನಿಧಿಗಳಿಗೆ ಹಂಚಿಹೋಗುತ್ತದೆ ಮತ್ತು ಷೇರಿನ ಪಾಲು ಬಹುಕಾಲ ಶೇ. 15ನ್ನು ಮೀರದಂತೆ ಇತ್ತು. ತಾವಾಗಿ ಏನನ್ನೂ ಆರಿಸದೆಯೇ ಅವರು ಸಾಲಪತ್ರ ಪ್ರಧಾನ ಖಾತೆಯ ಒಡೆಯರಾಗಿರುತ್ತಾರೆ. ಕೇಂದ್ರ ನೌಕರರಿಗೆ 2019ರಿಂದ LC25, LC50 ಆರಿಸುವ ಅವಕಾಶವಿದ್ದು, 2025ರಲ್ಲಿ LC75 ಸಹ ಸೇರಿತು. ರಾಜ್ಯ ನೌಕರರಿಗೆ ಇಂಥ ಆಯ್ಕೆ ದೊರೆಯುವುದು ರಾಜ್ಯ ಸರಕಾರದ ಆದೇಶವನ್ನು ಅವಲಂಬಿಸಿದೆ. ತಮ್ಮ ಹಣ ಈಗ ಎಲ್ಲಿದೆ ಎಂಬುದನ್ನು ವಹಿವಾಟು ಪಟ್ಟಿಯಲ್ಲಿ ಯೋಜನೆಯ ಹೆಸರು ನೋಡಿ ತಿಳಿಯಬಹುದು: SCHEME E, SCHEME C, SCHEME G ಎಂದು ಬೇರೆ ಬೇರೆ ಸಾಲುಗಳಿದ್ದರೆ ಆಯ್ಕೆ ನಡೆದಿದೆ, STATE GOVT ಎಂಬ ಹೆಸರಿದ್ದರೆ ಹಣ ಇನ್ನೂ ಮೂಲ ಏರ್ಪಾಡಿನಲ್ಲೇ ಇದೆ.