ಉಪ್ಪು ಕರಗುವ ಲೆಕ್ಕ: ಯಾವುದು ಪ್ರಶ್ನೆ, ಯಾವುದು ಉತ್ತರ?

ಮೊದಲ ಪಿಯುಸಿಯ ರಸಾಯನಶಾಸ್ತ್ರದ ಪಠ್ಯದಲ್ಲಿ ಒಂದು ಪುಟ್ಟ ಲೆಕ್ಕವಿದೆ. ಒಂದು ಮೋಲ್, ಅಂದರೆ ಸುಮಾರು 58.5 ಗ್ರಾಂ ಅಡುಗೆ ಉಪ್ಪನ್ನು ತೆಗೆದುಕೊಳ್ಳಿ. ಅದರ ಹರಳನ್ನು ಒಡೆದು, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳನ್ನು ಒಂದರ ಸೆಳೆತ ಇನ್ನೊಂದಕ್ಕೆ ತಾಕದಷ್ಟು ದೂರ ಒಯ್ಯಲು 788 ಕಿಲೋಜೂಲ್ ಶಕ್ತಿ ಬೇಕು. ಇದು ಜಾಲಕ ಶಕ್ತಿ. ಹಾಗೆ ಬಿಡಿಬಿಡಿಯಾದ ಅಯಾನುಗಳನ್ನು ನೀರಿಗೆ ಬಿಟ್ಟರೆ, ನೀರಿನ ಅಣುಗಳು ಅವನ್ನು ಸುತ್ತುವರಿಯುವಾಗ 784 ಕಿಲೋಜೂಲ್ ಹೊರಬರುತ್ತದೆ. ಇದು ಹೈಡ್ರೇಷನ್ ಶಕ್ತಿ. ಕೊಟ್ಟದ್ದರಲ್ಲಿ ಬಂದದ್ದನ್ನು ಕಳೆದರೆ ಉಳಿಯುವುದು 4. ಇದೇ ಉಪ್ಪಿನ ದ್ರಾವಣ ಎಂಥಾಲ್ಪಿ. ಈ ನಾಲ್ಕು ಕಿಲೋಜೂಲನ್ನು ನೀರೇ ತೆರಬೇಕಾದ್ದರಿಂದ ಅದು ತುಸು ತಣ್ಣಗಾಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಮೋಲ್ ಉಪ್ಪು ಹಾಕಿದರೆ ಆಗುವ ಇಳಿಕೆ ಒಂದು ಡಿಗ್ರಿಯೊಳಗೇ.

ಲೆಕ್ಕ ಸರಿಯಾಗಿದೆ, ಪರೀಕ್ಷೆಯಲ್ಲಿ ಅಂಕವೂ ಸಿಗುತ್ತದೆ. ಆದರೆ ರಸಾಯನಶಾಸ್ತ್ರದ ಇತಿಹಾಸವನ್ನು ಪಿಎಚ್.ಡಿ.ಗೆ ಓದುತ್ತಿರುವ ನನ್ನಂಥವರಿಗೆ ಇಲ್ಲೊಂದು ಪ್ರಶ್ನೆ ಏಳುತ್ತದೆ. 784 ಎಂಬ ಸಂಖ್ಯೆ ಎಲ್ಲಿಂದ ಬಂತು? ಬಿಡಿ ಅಯಾನುಗಳ ಅನಿಲವನ್ನು ಬಾಟಲಿಯಲ್ಲಿ ತುಂಬಿ, ನೀರಿಗೆ ಸುರಿದು, ಥರ್ಮಾಮೀಟರ್ ಹಿಡಿದು ನೋಡಿದವರು ಯಾರೂ ಇಲ್ಲ. ಅದು ಆಗುವ ಕೆಲಸವೂ ಅಲ್ಲ. ಉಪ್ಪು ಕರಗುವಾಗಿನ ನಾಲ್ಕು ಕಿಲೋಜೂಲನ್ನಾದರೋ ಹತ್ತೊಂಬತ್ತನೆಯ ಶತಮಾನದಲ್ಲೇ ಅಳೆದಿದ್ದರು. ಹಾಗಾದರೆ ಈ ಲೆಕ್ಕದಲ್ಲಿ ಉತ್ತರ ಯಾವುದು, ದತ್ತಾಂಶ ಯಾವುದು?

ಕಥೆ 1880ರ ದಶಕದಲ್ಲಿ ಶುರುವಾಗುತ್ತದೆ. ಉಪ್ಪು ನೀರಿನಲ್ಲಿ ಕರಗುವುದೆಂದರೆ ಧನ, ಋಣ ಅಯಾನುಗಳಾಗಿ ಬೇರ್ಪಡುವುದು ಎಂದು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ವಾದಿಸಿದ. 1887ರ ಹೊತ್ತಿಗೆ ಅವನ ಸಿದ್ಧಾಂತ ಪೂರ್ಣ ರೂಪ ಪಡೆದಿತ್ತು. ಅದಕ್ಕೆ ಎದುರಾದ ಆಕ್ಷೇಪಣೆ ಹಗುರವಾದದ್ದೇನಲ್ಲ. ಸೋಡಿಯಂ ಮತ್ತು ಕ್ಲೋರಿನ್ ಸೇರುವಾಗ ಅಪಾರ ಶಾಖ ಹೊರಬರುತ್ತದೆ. ಅಷ್ಟು ಗಟ್ಟಿಯಾಗಿ ಹಿಡಿದುಕೊಂಡವು ಒಂದು ಲೋಟ ತಣ್ಣೀರಿನಲ್ಲಿ ತಾವಾಗಿಯೇ ಬಿಟ್ಟುಹೋಗುತ್ತವೆಯೇ? ಬಿಡಿಸುವ ಶಕ್ತಿ ಎಲ್ಲಿಂದ ಬಂತು? ಕರಗುವಾಗ ಅಳೆದ ಶಾಖವೋ ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಅರ್ಹೇನಿಯಸ್‌ನ ಬಳಿ ಇದಕ್ಕೆ ಸಂಖ್ಯೆಯ ಉತ್ತರವಿರಲಿಲ್ಲ.

1913ರಲ್ಲಿ ಲಾರೆನ್ಸ್ ಬ್ರಾಗ್ ಎಕ್ಸ್-ಕಿರಣಗಳಿಂದ ಉಪ್ಪಿನ ಹರಳಿನ ಒಳರಚನೆಯನ್ನು ಬಿಡಿಸಿದಾಗ ಚಿತ್ರ ಇನ್ನಷ್ಟು ವಿಚಿತ್ರವಾಯಿತು. ಹರಳಿನೊಳಗೆ ಸೋಡಿಯಂ ಕ್ಲೋರೈಡ್ ಎಂಬ ಜೋಡಿ ಅಣುವೇ ಇಲ್ಲ. ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಕೂತ ಸೋಡಿಯಂ, ಕ್ಲೋರಿನ್‌ಗಳಷ್ಟೇ ಇವೆ. ಹಳೆಯ ತಲೆಮಾರಿನ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್‌ಗೆ ಇದು ಎಷ್ಟು ಅಸಹ್ಯವಾಯಿತೆಂದರೆ, 1927ರಲ್ಲಿ ಕೂಡ ಅವನು ಬಡಪಾಯಿ ಉಪ್ಪಿನ ಪರವಾಗಿ ‘ನೇಚರ್’ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದ. ಆದರೆ ಲೆಕ್ಕ ಹಾಕಬಲ್ಲವರಿಗೆ ಬ್ರಾಗ್‌ನ ಚಿತ್ರ ಒಂದು ವರವಾಗಿತ್ತು. ಅಯಾನುಗಳು ಎಲ್ಲೆಲ್ಲಿವೆ, ಎಷ್ಟು ದೂರದಲ್ಲಿವೆ ಎಂಬುದು ಗೊತ್ತಾದರೆ ಅವುಗಳ ಸೆಳೆತವನ್ನು ಕೂಲಂಬ್ ನಿಯಮದಿಂದ ಕೂಡಿಸಬಹುದು.

1918ರಲ್ಲಿ ಮ್ಯಾಕ್ಸ್ ಬಾರ್ನ್ ಮತ್ತು ಆಲ್ಫ್ರೆಡ್ ಲಾಂಡೆ ಮಾಡಿದ್ದು ಇದನ್ನೇ. ಉಪ್ಪಿನಲ್ಲಿ ಪಕ್ಕಪಕ್ಕದ ಅಯಾನುಗಳ ದೂರ 2.82 ಆಂಗ್‌ಸ್ಟ್ರಾಂ. ಇಡೀ ಹರಳಿನ ಸೆಳೆತ, ತಳ್ಳಾಟಗಳನ್ನು ಕೂಡಿಸಿದರೆ ಬರುವ ಗುಣಕ 1.7476, ಅದನ್ನು ಕೂಡಿಸುವ ಉಪಾಯವನ್ನು ಅದೇ ವರ್ಷ ಎರ್ವಿನ್ ಮಾಡೆಲುಂಗ್ ಕಂಡುಹಿಡಿದಿದ್ದ. ಇವೆರಡರಿಂದ ಸಿಗುವುದು 861 ಕಿಲೋಜೂಲ್. ಅಯಾನುಗಳು ತೀರ ಹತ್ತಿರ ಬಂದಾಗ ಒಂದನ್ನೊಂದು ತಳ್ಳುತ್ತವಲ್ಲ, ಅದಕ್ಕಾಗಿ ಒಂಬತ್ತರಲ್ಲಿ ಒಂದು ಪಾಲು ಕಳೆದರೆ ಉಳಿಯುವುದು ಸುಮಾರು 765. ಆ ಪಾಲು ಎಷ್ಟೆಂಬುದು ಹರಳನ್ನು ಅದುಮಿದರೆ ಎಷ್ಟು ಕುಗ್ಗುತ್ತದೆ ಎಂಬ ಅಳತೆಯಿಂದ ಸಿಗುತ್ತದೆ. ಶಾಖವನ್ನೇ ಅಳೆಯದೆ, ದೂರ ಮತ್ತು ಒತ್ತಡದಿಂದ ಉಪ್ಪಿನ ಬಿಗಿತವನ್ನು ಹೇಳಿದಂತಾಯಿತು.

ಮರುವರ್ಷ, 1919ರಲ್ಲಿ, ಮೂವರು ಈ ಸಂಖ್ಯೆಯನ್ನು ಹಿಡಿದು ಬರೆದರು: ಬಾರ್ನ್, ಫ್ರಿಟ್ಸ್ ಹೇಬರ್ ಮತ್ತು ಮ್ಯೂನಿಕ್‌ನ ಕಾಸಿಮಿರ್ ಫಾಯನ್ಸ್. ಮೂವರಿಗೂ ಆಧಾರ ಹೆಸ್ಸನ 1840ರ ನಿಯಮ: ಯಾವ ದಾರಿ ಹಿಡಿದು ಹೋದರೂ ಹೊರಟ ಊರು, ತಲುಪಿದ ಊರು ಒಂದೇ ಆಗಿದ್ದರೆ ಒಟ್ಟು ಶಾಖದ ಲೆಕ್ಕ ಒಂದೇ. ಬಾರ್ನ್-ಹೇಬರ್ ಚಕ್ರ ಎಂಬ ಹೆಸರು ಪಠ್ಯಗಳಲ್ಲಿ ಉಳಿಯಿತು, ಫಾಯನ್ಸ್‌ನ ಹೆಸರು ಬಿಟ್ಟುಹೋಯಿತು. ಆದರೆ ಹರಳಿನ ಲೆಕ್ಕವನ್ನು ಕರಗುವಿಕೆಯತ್ತ ತಿರುಗಿಸಿದ್ದು ಅವನೇ. ಜಾಲಕ ಶಕ್ತಿ ಬಾರ್ನ್‌ನಿಂದ ಸಿಕ್ಕಿತು, ದ್ರಾವಣದ ಶಾಖ ಹಳೆಯ ಕ್ಯಾಲೊರಿಮೀಟರ್ ಅಳತೆಗಳಿಂದ ಸಿಕ್ಕಿತು. ಒಂದರಿಂದ ಇನ್ನೊಂದನ್ನು ಕಳೆದರೆ, ಯಾರೂ ಅಳೆಯಲಾಗದ ಹೈಡ್ರೇಷನ್ ಶಕ್ತಿ ಕೈಗೆ ಬರುತ್ತದೆ.

ನಮ್ಮ ಪಠ್ಯದ ಲೆಕ್ಕ ತಲೆಕೆಳಗಾಗಿರುವುದು ಇಲ್ಲಿಯೇ. ಇತಿಹಾಸದಲ್ಲಿ 4 ಮೊದಲು ಬಂತು, 784 ಅದರಿಂದ ಹುಟ್ಟಿತು. ವಿದ್ಯಾರ್ಥಿ 788ರಿಂದ 784 ಕಳೆದು 4 ಪಡೆದಾಗ, ಅವನು ಹುಂಡಿಗೆ ಹಾಕಿದ ನಾಣ್ಯವನ್ನೇ ಹೊರತೆಗೆದಿರುತ್ತಾನೆ. ಉತ್ತರ ಸರಿಬಂದದ್ದರಿಂದ ಸಿದ್ಧಾಂತ ಸರಿ ಎಂದು ತಿಳಿಯುವಂತಿಲ್ಲ.

ಹುಂಡಿಯ ನಾಣ್ಯ ಮುಟ್ಟದೆ, ಬರೀ ಭೌತಶಾಸ್ತ್ರದಿಂದ ಈ ನಾಲ್ಕನ್ನು ಪಡೆಯಲು ಹೊರಟರೆ ಏನಾಗುತ್ತದೆ? ಬಾರ್ನ್‌ನ 765 ಅಸಾಧಾರಣ ಸಾಧನೆ. ನಿಜವಾದ ಬೆಲೆಗಿಂತ ಶೇಕಡಾ ಮೂರರಷ್ಟು ಮಾತ್ರ ಕಡಿಮೆ. ಆದರೆ ಅದರಿಂದ 784 ಕಳೆದರೆ ಬರುವುದು −19. ಅಂದರೆ ಉಪ್ಪು ಹಾಕಿದ ನೀರು ಬಿಸಿಯಾಗಬೇಕು! ಎರಡು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸದ ಸ್ವಭಾವವೇ ಇದು. ಲಾರಿಯನ್ನು ಚಾಲಕನ ಸಮೇತ ಒಮ್ಮೆ, ಚಾಲಕನಿಲ್ಲದೆ ಒಮ್ಮೆ ತೂಗಿ ಚಾಲಕನ ತೂಕ ಹೇಳಹೊರಟಂತೆ. ಸೇತುವೆ ತಕ್ಕಡಿಯ ಸಣ್ಣ ತಪ್ಪು ಚಾಲಕನನ್ನೇ ನುಂಗಿಬಿಡುತ್ತದೆ.

1920ರಲ್ಲಿ ಬಾರ್ನ್ ಹೈಡ್ರೇಷನ್ ಶಕ್ತಿಗೂ ಒಂದು ಸೂತ್ರ ಕೊಟ್ಟ. ಅಯಾನನ್ನು ವಿದ್ಯುದಾವೇಶ ಹೊತ್ತ ಗೋಲಿಯೆಂದೂ, ನೀರನ್ನು ಅಣುಗಳಿಲ್ಲದ ಏಕರೂಪದ ಮಾಧ್ಯಮವೆಂದೂ ಭಾವಿಸಿದ ಸೂತ್ರ ಅದು. ಗೋಲಿ ಚಿಕ್ಕದಾದಷ್ಟೂ ಹೊರಬರುವ ಶಕ್ತಿ ಹೆಚ್ಚು. ಇಂದು ಬಳಸುವ ತ್ರಿಜ್ಯಗಳನ್ನು, ಅಂದರೆ ಸೋಡಿಯಂಗೆ 1.02, ಕ್ಲೋರೈಡಿಗೆ 1.81 ಆಂಗ್‌ಸ್ಟ್ರಾಂ, ಅದರಲ್ಲಿ ಇಟ್ಟು ನೋಡಿದರೆ ಒಟ್ಟು ಸುಮಾರು 1050 ಕಿಲೋಜೂಲ್ ಬರುತ್ತದೆ. ಇದನ್ನು ನಂಬಿದರೆ ಒಂದು ಲೀಟರ್ ನೀರಿಗೆ ಒಂದು ಮೋಲ್ ಉಪ್ಪು ಹಾಕಿದ ಕೂಡಲೇ ನೀರು ಅರವತ್ತು ಡಿಗ್ರಿಗಿಂತ ಹೆಚ್ಚು ಬಿಸಿಯೇರಬೇಕು. ಸಾರಿಗೆ ಉಪ್ಪು ಹಾಕುವ ಯಾರೂ ಇದನ್ನು ಒಪ್ಪಲಾರರು. 1939ರಲ್ಲಿ ಲ್ಯಾಟಿಮರ್, ಪಿಟ್ಜರ್, ಸ್ಲಾನ್ಸ್ಕಿ ಎಂಬ ಮೂವರು ಧನ ಅಯಾನುಗಳ ತ್ರಿಜ್ಯಕ್ಕೆ 0.85, ಋಣ ಅಯಾನುಗಳ ತ್ರಿಜ್ಯಕ್ಕೆ 0.1 ಆಂಗ್‌ಸ್ಟ್ರಾಂ ಸೇರಿಸಿದರೆ ಸೂತ್ರ ಚೆನ್ನಾಗಿ ಹೊಂದುತ್ತದೆಂದು ತೋರಿಸಿದರು. ಆದರೆ ಆ ಎರಡು ಸಂಖ್ಯೆಗಳನ್ನು ಆರಿಸಿದ್ದು ಅಳತೆಗಳಿಗೆ ಹೊಂದಲೆಂದೇ. ನಾಣ್ಯ ಮತ್ತೆ ಹುಂಡಿಗೆ ಬಂತು.

ಹಾಗಾದರೆ ಈ ಚಕ್ರದಿಂದ ಏನೂ ಪ್ರಯೋಜನವಿಲ್ಲವೇ? ಇದೆ, ಆದರೆ ಅದು ಒಂದೇ ಉಪ್ಪಿನಲ್ಲಿ ಕಾಣುವುದಿಲ್ಲ, ನಾಲ್ಕನ್ನು ಒಟ್ಟಿಗಿಟ್ಟರೆ ಕಾಣುತ್ತದೆ. ಅರ್ಹೇನಿಯಸ್ ಸರಿಯಾಗಿದ್ದರೆ, ತುಂಬ ತೆಳುವಾದ ದ್ರಾವಣದಲ್ಲಿ ಸೋಡಿಯಂ ಅಯಾನಿಗೆ ತಾನು ಕ್ಲೋರೈಡಿನ ಜೊತೆ ಬಂದೆನೋ ಬ್ರೋಮೈಡಿನ ಜೊತೆ ಬಂದೆನೋ ಎಂಬ ನೆನಪೇ ಇರಬಾರದು. ಆಗ ಸೋಡಿಯಂಗೂ ಪೊಟ್ಯಾಸಿಯಂಗೂ ಇರುವ ಹೈಡ್ರೇಷನ್ ಅಂತರ ಎರಡೂ ಕಡೆ ಒಂದೇ ಆಗಬೇಕು.

ಬಾರ್ನ್‌ನ ವಿಧಾನವನ್ನು ಮುಂದೆ ತಿದ್ದಿ ಲೆಕ್ಕಿಸಿದ ಜಾಲಕ ಶಕ್ತಿಗಳನ್ನು ತೆಗೆದುಕೊಳ್ಳೋಣ: NaCl 769, KCl 701, KBr 671, NaBr 732. ಮೊದಲ ಮೂರರ ಅಳೆದ ದ್ರಾವಣ ಎಂಥಾಲ್ಪಿ ಕ್ರಮವಾಗಿ 3.9, 17.2, 19.9. ಕಳೆದರೆ ಸಿಗುವ ಹೈಡ್ರೇಷನ್ ಶಕ್ತಿಗಳು ಸುಮಾರು 765, 684, 651. ಕ್ಲೋರೈಡುಗಳಲ್ಲಿ ಸೋಡಿಯಂ-ಪೊಟ್ಯಾಸಿಯಂ ಅಂತರ 81. ಅದೇ 81ನ್ನು KBrನ 651ಕ್ಕೆ ಕೂಡಿಸಿದರೆ NaBrಗೆ 732 ಬರುತ್ತದೆ. ಅದರ ಜಾಲಕ ಶಕ್ತಿಯೂ 732. ಅಂದರೆ ಸೋಡಿಯಂ ಬ್ರೋಮೈಡ್ ಕರಗುವಾಗ ಹೆಚ್ಚುಕಡಿಮೆ ಶಾಖವೇ ಆಡಬಾರದು. ಅಳೆದು ನೋಡಿದರೆ ಸಿಗುವುದು −0.6. ಈ ಸಂಖ್ಯೆಯನ್ನು ನಾವು ಎಲ್ಲಿಯೂ ಒಳಗೆ ಹಾಕಿರಲಿಲ್ಲ. ಇದು ನಿಜವಾದ ಉತ್ತರ.

ಇಲ್ಲಿ 769 ಎಂಬುದು ಪಠ್ಯದ 788ಕ್ಕಿಂತ ಹತ್ತೊಂಬತ್ತು ಕಡಿಮೆ ಎಂಬುದನ್ನು ಗಮನಿಸಿರಬಹುದು. ಉಳಿದ ಮೂರು ಉಪ್ಪುಗಳಲ್ಲೂ ಇದೇ ದಿಕ್ಕಿನ ಕೊರತೆಯಿದೆ. ಎಲ್ಲರೂ ಒಂದೇ ಬಗೆಯಲ್ಲಿ ತಪ್ಪಿದ್ದರಿಂದ ಅಂತರ ತೆಗೆದಾಗ ತಪ್ಪಿನ ಬಹುಪಾಲು ಅಳಿಸಿಹೋಯಿತು. ಒಂದು ಸಂಖ್ಯೆಯನ್ನು ಮಾತ್ರ ಬೇರೆ ಕೋಷ್ಟಕದಿಂದ ತಂದಿದ್ದರೆ ಉತ್ತರ ಹತ್ತಾರು ಕಿಲೋಜೂಲ್ ಅತ್ತಿತ್ತ ಆಗುತ್ತಿತ್ತು. ಜಾಲಕ ಶಕ್ತಿ ಒಂದು ಪುಸ್ತಕದ್ದು, ಹೈಡ್ರೇಷನ್ ಶಕ್ತಿ ಇನ್ನೊಂದರದ್ದು ಎಂದು ಬೆರೆಸುವವರಿಗೆ ಉತ್ತರದ ಚಿಹ್ನೆಯೇ ತಿರುಗುವುದು ಇದೇ ಕಾರಣಕ್ಕೆ.

1919ರ ಆ ಮೂವರ ಬದುಕೂ ಹರಳಿನಂತೆ ಒಡೆದು ಚದುರಿತು. ನಾಜಿಗಳು ಬಂದ ಮೇಲೆ ಯಹೂದಿ ಮೂಲದ ಈ ಮೂವರಿಗೂ ಜರ್ಮನಿಯಲ್ಲಿ ಜಾಗವಿಲ್ಲವಾಯಿತು. ಹೇಬರ್ 1934ರ ಜನವರಿಯಲ್ಲಿ ಬಾಸೆಲ್‌ನಲ್ಲಿ ತೀರಿಕೊಂಡ. ಫಾಯನ್ಸ್ ಅಮೆರಿಕದ ಮಿಶಿಗನ್ ಸೇರಿದ. ಬಾರ್ನ್ 1935-36ರಲ್ಲಿ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ ಕೆಲವು ತಿಂಗಳು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದು, ಇಲ್ಲಿ ಕಾಯಂ ಹುದ್ದೆ ಕೂಡಿಬರದೆ ಎಡಿನ್‌ಬರೋಗೆ ಹೋದ.

ಅರ್ಹೇನಿಯಸ್‌ಗೆ ಎದುರಾದ ಪ್ರಶ್ನೆಗೆ ಅವರು ಕೊಟ್ಟ ಉತ್ತರವಿರುವುದು 4ರಲ್ಲಲ್ಲ, 784ರಲ್ಲಿ. ಹರಳನ್ನು ಬಿಡಿಸುವ ಶಕ್ತಿ ಎಲ್ಲಿಂದಲೋ ಬಂದದ್ದಲ್ಲ. ಅದರಲ್ಲಿ ಇನ್ನೂರಕ್ಕೆ ನೂರತೊಂಬತ್ತೊಂಬತ್ತು ಪಾಲನ್ನು ಕೊಟ್ಟದ್ದು, ಅಯಾನುಗಳನ್ನು ಅಪ್ಪಿಕೊಂಡ ನೀರೇ. ಉಳಿದ ಒಂದು ಪಾಲಿನ ಸಾಲವಿದ್ದೂ ಉಪ್ಪು ಕರಗುತ್ತದಲ್ಲ, ಅದಕ್ಕೆ ಕಾರಣ ಶಾಖದ ಖಾತೆಯಲ್ಲಿ ಸಿಗುವುದಿಲ್ಲ: ಚದುರಿಹೋಗುವ ಅಯಾನುಗಳ ಎಂಟ್ರೊಪಿ ಆ ಸಾಲವನ್ನು ಮೂರು ಪಟ್ಟು ತೀರಿಸುತ್ತದೆ. ಕ್ಯಾಲೊರಿಮೀಟರ್ ತೋರಿಸುವ ಒಂದು ಡಿಗ್ರಿಯೊಳಗಿನ ತಂಪು, ಅಷ್ಟು ದೊಡ್ಡ ಕೊಡುಕೊಳ್ಳುವಿಕೆಯ ಚಿಲ್ಲರೆ ಬಾಕಿ.