ಸಂಸ್ಕೃತ ಪದ್ಯಗಳ ರೋಮನ್ ಲಿಪ್ಯಂತರ

ಸಂಸ್ಕೃತ ಪದ್ಯವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಗಳಲ್ಲಿ ವಿದ್ವಾಂಸರು ಹೆಚ್ಚು ಬಳಸುವುದು ಐಎಎಸ್‌ಟಿ. ಇದರಲ್ಲಿ ದೀರ್ಘಸ್ವರದ ತಲೆಯ ಮೇಲೆ ಅಡ್ಡಗೆರೆ ಬರುತ್ತದೆ (ā, ī, ū), ಮೂರ್ಧನ್ಯ ವ್ಯಂಜನದ ಕೆಳಗೆ ಚುಕ್ಕೆ ಬರುತ್ತದೆ (ṭ, ḍ, ṇ, ṣ). ಗೆರೆ, ಚುಕ್ಕೆಗಳಿಗೆ ಇಂದಿನ ರೂಪ ಬರಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಕಥೆಯನ್ನು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ಗುಹೆಗಳಲ್ಲಿರುವ ಹೆಸರುಗಳ ಮೂಲಕ ನೋಡಿದರೆ ಒಂದೊಂದು ಚುಕ್ಕೆಯ ಕೆಲಸವೂ ಕಣ್ಣಿಗೆ ಕಾಣುತ್ತದೆ.

ನಾಸಿಕ್ಕಿನ ಹೆಸರನ್ನು ಜನ ಲಕ್ಷ್ಮಣ ಕೊಯ್ದ ಮೂಗಿಗೆ ಜೋಡಿಸುತ್ತಾರೆ. ಆ ಮೂಗಿನ ಒಡತಿಯ ಹೆಸರನ್ನು ಕನ್ನಡದಲ್ಲಿ ಶೂರ್ಪನಖಿ, ಶೂರ್ಪಣಖಿ ಎಂದು ಎರಡು ಬಗೆಯಾಗಿಯೂ ಬರೆಯುವುದುಂಟು. ಪಾಣಿನಿಯ ವ್ಯಾಕರಣದ ಪ್ರಕಾರ ಅದು ಒಬ್ಬಳ ಅಂಕಿತನಾಮವಾದರೆ ನಕಾರವು ಣಕಾರವಾಗಬೇಕು, ಕೊನೆಯಲ್ಲಿ ಆಕಾರ ಉಳಿಯಬೇಕು: śūrpaṇakhā. ಮೊರದಂಥ ಉಗುರಿನವಳು ಎಂಬ ಬರಿಯ ವರ್ಣನೆಯಾದರೆ śūrpanakhī. ಹೆಸರೋ ವರ್ಣನೆಯೋ ಎಂಬುದನ್ನು ತಿಳಿಸುವುದು ಒಂದು ಚುಕ್ಕೆ, ಒಂದು ಕೊನೆಯ ಸ್ವರ. ಪತ್ರಿಕೆಗಳ Shurpanakha ರೂಪದಲ್ಲಿ ಆ ಚುಕ್ಕೆ ಇರುವುದಿಲ್ಲ.

ಮೊದಲು ಕ್ರಮಬದ್ಧ ಪದ್ಧತಿಯನ್ನು ಮುಂದಿಟ್ಟವನು ವಿಲಿಯಂ ಜೋನ್ಸ್. ಏಷ್ಯಾದ ಪದಗಳನ್ನು ರೋಮನ್ ಅಕ್ಷರದಲ್ಲಿ ಬರೆಯುವ ಬಗ್ಗೆ ಅವನ ಪ್ರಬಂಧ 1788ರಲ್ಲಿ ಕಲ್ಕತ್ತದಲ್ಲಿ ಅಚ್ಚಾಯಿತು. ಅವನು ದೀರ್ಘಕ್ಕೆ ಓರೆಗೆರೆ ಹಾಕುತ್ತಿದ್ದ. ಆಡಳಿತದ ಪುಸ್ತಕಗಳಲ್ಲಿ ಅದೇ ಗೆರೆ ಬಹುಕಾಲ ಉಳಿಯಿತು. 1883ರ ಮುಂಬಯಿ ಪ್ರಾಂತದ ಗೆಜೆಟಿಯರಿನ ನಾಸಿಕ್ ಸಂಪುಟದ ಹೆಸರೇ Násik. ಅಲ್ಲಿ ದೀರ್ಘ ಉಳಿದಿದೆ, ಆದರೆ ಟಕಾರ ತಕಾರಗಳಿಗೆ, ಣಕಾರ ನಕಾರಗಳಿಗೆ ಭೇದವಿಲ್ಲ. ಕಂದಾಯದ ಅಧಿಕಾರಿಗೆ ಊರು ಗುರುತಾದರೆ ಸಾಕಿತ್ತು.

ಶಾಸನ ಓದುವವರಿಗೆ ಅಷ್ಟು ಸಾಲುತ್ತಿರಲಿಲ್ಲ. ಬೆಳಗಾವಿ ಧಾರವಾಡದ ಶಾಸನಗಳಲ್ಲೇ ಮುಳುಗಿದ್ದ ಫ್ಲೀಟ್, ಎಲ್ಲೋರದಲ್ಲಿ ಗುಡಿ ಕಡೆಸಿದ ರಾಜವಂಶದ ಹೆಸರನ್ನು Râshṭrakûṭa ಎಂದು ಬರೆದ. ದೀರ್ಘಕ್ಕೆ ಟೋಪಿ, ಟಕಾರಕ್ಕೆ ಚುಕ್ಕೆ, ಷಕಾರಕ್ಕೆ ಮಾತ್ರ ಎರಡು ಅಕ್ಷರ. 1894ರಲ್ಲಿ ಜಿನೀವಾದಲ್ಲಿ ಸೇರಿದ ಪ್ರಾಚ್ಯವಿದ್ವಾಂಸರ ಸಮ್ಮೇಳನ ಈ ಚಲ್ಲಾಪಿಲ್ಲಿಗೆ ಒಂದು ಒಪ್ಪಂದ ತಂದಿತು. ಇಂದಿನ ಐಎಎಸ್‌ಟಿಯ ಬುನಾದಿ ಅಲ್ಲಿದೆ. ಅದರಲ್ಲಿ ಅದೇ ಹೆಸರು rāṣṭrakūṭa.

ಶಕಾರ ಷಕಾರಗಳನ್ನು ಬೇರೆಯಾಗಿಸಿದ್ದರ ಬೆಲೆ ನಾಸಿಕ್ಕಿನ ಪಾಂಡವಲೇಣಿಯಲ್ಲಿ ತಿಳಿಯುತ್ತದೆ. ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಅದರ ಹೆಚ್ಚು ಭಾಗ ಪ್ರಾಕೃತದ ಛಾಯೆಯ ಸಂಸ್ಕೃತ. ಗುಹೆಯಿರುವ ಬೆಟ್ಟಕ್ಕೆ ತ್ರಿರಶ್ಮಿ ಎಂಬ ಹೆಸರು. ಚುಕ್ಕೆಯಿಲ್ಲದ ಬರವಣಿಗೆಯಲ್ಲಿ Trirashmi, Ushavadata ಎರಡರಲ್ಲೂ ಒಂದೇ sh. ಮೂಲವನ್ನು ಕಾಣದವನು ಉಶವದಾತ, ತ್ರಿರಷ್ಮಿ ಎಂದು ಬರೆದರೆ ಅವನ ತಪ್ಪೇನೂ ಇಲ್ಲ. triraśmi, uṣavadāta ಎಂದು ಕೊಟ್ಟಾಗ ಊಹೆಗೆ ಜಾಗವೇ ಇರುವುದಿಲ್ಲ.

ಪದ್ಯಕ್ಕೆ ಬಂದರೆ ಅಜಂತಾದ ಹದಿನಾರನೆಯ ಗುಹೆಗೆ ಹೋಗಬೇಕು. ವಾಕಾಟಕ ರಾಜ ಹರಿಷೇಣನ ಮಂತ್ರಿ ವರಾಹದೇವ ಅಲ್ಲಿ ಸಂಸ್ಕೃತ ಪದ್ಯಗಳಲ್ಲಿ ಶಾಸನ ಬರೆಸಿದ. ಕಲ್ಲು ಸವೆದು ಹಲವು ಅಕ್ಷರಗಳು ಹೋಗಿವೆ. 1860ರ ದಶಕದಲ್ಲಿ ಭಾವು ದಾಜಿ ಇದನ್ನು ಓದಿ ಪ್ರಕಟಿಸಿದರು. 1963ರಲ್ಲಿ ಮಿರಾಶಿಯವರು ವಾಕಾಟಕ ಶಾಸನಗಳ ಸಂಪುಟದಲ್ಲಿ ಮತ್ತೆ ಸಂಪಾದಿಸಿದರು. ಅಳಿಸಿಹೋದ ಕಡೆ ಎಷ್ಟು ಅಕ್ಷರ ಇತ್ತು, ಯಾವುದು ಲಘು, ಯಾವುದು ಗುರು ಎಂದು ಹೇಳುವುದು ಛಂದಸ್ಸು. ಹಾಗಾಗಿ ಉಳಿದ ಅಕ್ಷರಗಳ ದೀರ್ಘ ತಪ್ಪಿದರೆ ತುಂಬುವ ಅಕ್ಷರವೂ ತಪ್ಪುತ್ತದೆ.

varāhadeva ಎಂಬ ಒಂದೇ ಹೆಸರನ್ನು ತೆಗೆದುಕೊಳ್ಳಿ. ಲಘು, ಗುರು, ಲಘು, ಗುರು, ಲಘು: ಏಳು ಮಾತ್ರೆ. ಗೆರೆ ಬಿಟ್ಟು varahadeva ಎಂದರೆ ಮೊದಲ ಗುರು ಹೋಯಿತು, ಉಳಿದದ್ದು ಆರು. ಇಲ್ಲಿ ಕನ್ನಡಿಗನಿಗೆ ಇನ್ನೊಂದು ಗುಂಡಿ ಕಾದಿದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲ, ಆದ್ದರಿಂದ ಐಎಎಸ್‌ಟಿ ಅವುಗಳ ಮೇಲೆ ಗೆರೆ ಹಾಕುವುದಿಲ್ಲ. E ಎಂದರೆ ಯಾವಾಗಲೂ ಏ. ನಮ್ಮ ಲಿಪಿಯಲ್ಲಿ ಎರಡೂ ಇವೆ. ತಂತ್ರಾಂಶವೋ ಅವಸರದ ಅಕ್ಷರ ಜೋಡಣೆಗಾರನೋ e ಕಂಡಲ್ಲೆಲ್ಲ ಎತ್ವ ಹಾಕಿದರೆ ‘ವರಹದೆವ’ ಆಗುತ್ತದೆ. ಐದೂ ಲಘು, ಐದೇ ಮಾತ್ರೆ. ಕನ್ನಡದಲ್ಲಿ ಅಚ್ಚಾದ ಸ್ತೋತ್ರಗಳಲ್ಲಿ ‘ದೆವ’, ‘ಯೊಗ’ ಎಂಬಂಥ ರೂಪ ಕಂಡರೆ ಪಠ್ಯ ರೋಮನ್ ಹಾದಿಯಲ್ಲಿ ಬಂದಿದೆಯೆಂದು ಸಂಶಯಪಡಬಹುದು.

ರಾಜನ ಹೆಸರಿನಲ್ಲಿ ಚುಕ್ಕೆಯ ಆಟ ಇನ್ನೂ ಸೊಗಸು. ಇದೇ ವಂಶದಲ್ಲಿ Pravarasena, Devasena ಇದ್ದಾರೆ, Hariṣeṇa ಕೂಡ ಇದ್ದಾನೆ. ಉತ್ತರಪದ ಒಂದೇ, ‘ಸೇನಾ’. ಹಿಂದೆ ಅಕಾರವಿದ್ದಲ್ಲಿ ಸಕಾರ ಹಾಗೇ ಉಳಿದಿದೆ. ಇಕಾರದ ಮುಂದೆ ಅದು ಷಕಾರವಾಗಿ, ಜೊತೆಗೆ ನಕಾರವೂ ಣಕಾರವಾಗಿದೆ. ಮೂವರನ್ನೂ sena ಎಂದೇ ಬರೆದು ಸಮ ಮಾಡುವವರು ಸಂಧಿಯನ್ನು ಅಳಿಸುತ್ತಾರೆ.

ಕಂಪ್ಯೂಟರ್ ಬಂದಾಗ ಗೆರೆ ಚುಕ್ಕೆ ಹಾಕಲು ಕೀಲಿಮಣೆಯಲ್ಲಿ ದಾರಿಯಿರಲಿಲ್ಲ. ಆ ಜಾಗಕ್ಕೆ ದೊಡ್ಡಕ್ಷರಗಳು ಬಂದವು. ಹಾರ್ವರ್ಡ್-ಕ್ಯೋಟೋ ಪದ್ಧತಿಯಲ್ಲಿ ಷಕಾರ `S`, ಶಕಾರ `z`. ಎಸ್‌ಎಲ್‌ಪಿ1ರಲ್ಲಿ ನೇರ ತಿರುವುಮುರುವು: ಶಕಾರ `S`, ಷಕಾರ `z`.

```
ಐಎಎಸ್‌ಟಿ          hariṣeṇa
ಹಾರ್ವರ್ಡ್-ಕ್ಯೋಟೋ   hariSeNa
ಎಸ್‌ಎಲ್‌ಪಿ1        harizeRa
```

ಎರಡನೆಯ ಸಾಲನ್ನು ಎಸ್‌ಎಲ್‌ಪಿ1 ಎಂದುಕೊಂಡು ಕನ್ನಡಕ್ಕೆ ತಂದರೆ ‘ಹರಿಶೇಙ’ ಎಂದು ಬರುತ್ತದೆ. ಹಾರ್ವರ್ಡ್-ಕ್ಯೋಟೋದಲ್ಲಿ ದೊಡ್ಡಕ್ಷರವೇ ಅರ್ಥ ಹೊತ್ತಿರುವುದರಿಂದ ಅಂಕಿತನಾಮವೆಂದು `Devasena` ಬರೆದರೂ ಸಾಕು, ಅವನು ‘ಡೇವಸೇನ’ ಆಗುತ್ತಾನೆ. ಇವು ಯಂತ್ರದೊಳಗೆ ಪಠ್ಯ ಇಡಲು ಸರಿ, ಓದುಗನ ಮುಂದಿಡಲು ಅಲ್ಲ.

ಯೂನಿಕೋಡ್ ಬಂದ ಮೇಲೆ ಚುಕ್ಕೆಗಳು ಮರಳಿದವು, ಆದರೆ ಹೊಸ ತೊಡಕಿನೊಂದಿಗೆ. ṇ ಅನ್ನು ಒಂದೇ ಸಂಕೇತವಾಗಿ (`U+1E47`) ಬರೆಯಬಹುದು, n ಆದಮೇಲೆ ಬೇರೆ ಚುಕ್ಕೆ (`U+0323`) ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕೆಲವು ತಂತ್ರಾಂಶಗಳ ಹುಡುಕಾಟಕ್ಕೆ ಬೇರೆ ಬೇರೆ. ಕಣ್ಣೆದುರೇ ಇರುವ ಪದವನ್ನು ಹುಡುಕಾಟ ‘ಇಲ್ಲ’ ಎಂದರೆ ಮೊದಲು ಇದನ್ನು ನೋಡಬೇಕು. ಪಠ್ಯವನ್ನೆಲ್ಲ `NFC` ರೂಪಕ್ಕೆ ತಂದರೆ ಸರಿಹೋಗುತ್ತದೆ.

ಐಎಎಸ್‌ಟಿಗೆ ಅದರದೇ ಮಿತಿಯೂ ಇದೆ. ಪಾಂಡವಲೇಣಿಯ ಮೂರನೆಯ ಗುಹೆಯಲ್ಲಿ ಗೌತಮೀ ಬಲಶ್ರೀ ಬರೆಸಿದ ಪ್ರಾಕೃತ ಶಾಸನ ಅವಳ ಮೊಮ್ಮಗನ ಹತ್ತೊಂಬತ್ತನೆಯ ವರ್ಷದ್ದು. ಅವನ ಹೆಸರನ್ನು ವಿದ್ವಾಂಸರು Puḷumāvi ಎಂದು ಬರೆಯುತ್ತಾರೆ. ಇಲ್ಲಿ ḷ ಎಂದರೆ ನಮ್ಮ ಳಕಾರ. ಐಎಎಸ್‌ಟಿಯಲ್ಲಿ ಅದೇ ಅಕ್ಷರ ‘ಌ’ ಎಂಬ ಸ್ವರ. ಶುದ್ಧ ಸಂಸ್ಕೃತವೆಂದು ನಂಬಿದ ಪರಿವರ್ತಕಕ್ಕೆ ಈ ಹೆಸರನ್ನು ಕೊಟ್ಟರೆ ಪುಳುಮಾವಿಯ ನಡುವೆ ಸ್ವರದ ರಾಶಿ ಬೀಳುತ್ತದೆ. 2001ರ ಐಎಸ್‌ಒ 15919 ಇದನ್ನು ಬಿಡಿಸಿತು: ḷ ಳಕಾರಕ್ಕೇ ಮೀಸಲು, ಌಕಾರಕ್ಕೆ ಕೆಳಗೆ ಪುಟ್ಟ ಉಂಗುರ, ಏಕಾರ ಓಕಾರಗಳಿಗೆ ē, ō. ಬರೀ ಸಂಸ್ಕೃತ ಪದ್ಯಗಳ ಪುಸ್ತಕಕ್ಕೆ ಐಎಎಸ್‌ಟಿ ಹಗುರ, ಓದುಗರಿಗೆ ಪರಿಚಿತ. ಅದೇ ಪುಟದಲ್ಲಿ ಪ್ರಾಕೃತದ ಪುಳುಮಾವಿಯೋ ಕನ್ನಡದ ಬಿರುದೋ ಬರುವುದಿದ್ದರೆ ಐಎಸ್‌ಒ ಪದ್ಧತಿಯೇ ಸರಿ. ಎರಡನ್ನೂ ಬೆರೆಸಿ ಬರೆದ ಪುಸ್ತಕದಲ್ಲಿ ಮಾತ್ರ varāhadeva ಒಂದು ಪುಟದಲ್ಲಿ, varāhadēva ಇನ್ನೊಂದರಲ್ಲಿ ಸಿಗುತ್ತಾನೆ, ಪದಸೂಚಿಯಲ್ಲಿ ಇಬ್ಬರು ಮಂತ್ರಿಗಳಾಗುತ್ತಾನೆ.